ಮಾರುಕಟ್ಟೆಗೆ ತರಗತಿ ಭೇಟಿ: ಪೋಷಕರಿಗೆ ಅನುಮತಿ ಪತ್ರ ಬರೆಯುವುದು ಹೇಗೆ

ಮಕ್ಕಳನ್ನು ಮಾರುಕಟ್ಟೆಗೆ ಕರೆದುಕೊಂಡು ಹೋಗುವ ಮೊದಲು ಮನೆಗೆ ಒಂದು ಪತ್ರ ಹೋಗುತ್ತದೆ. ಅದರ ಮೊದಲ ಅರ್ಧ ಪುಟ ಸಾಮಾನ್ಯವಾಗಿ ಭೇಟಿಯ ಉದ್ದೇಶಕ್ಕೇ ಖರ್ಚಾಗಿರುತ್ತದೆ: ವ್ಯವಹಾರ ಜ್ಞಾನ, ಲೆಕ್ಕ, ತೂಕ, ಜನಜೀವನ. ಆಮೇಲೆ ದಿನಾಂಕ, ಕೊನೆಗೆ ಸಹಿ ಹಾಕಲು ಒಂದು ಗೆರೆ. ಆದರೆ ಪೋಷಕರ ತಲೆಯಲ್ಲಿ ಇರುವ ಪ್ರಶ್ನೆಗಳೇ ಬೇರೆ. ನನ್ನ ಮಗುವಿನ ಜೊತೆ ಯಾರಿರುತ್ತಾರೆ? ಗದ್ದಲದಲ್ಲಿ ತಪ್ಪಿಸಿಕೊಂಡರೆ ಏನು ಮಾಡುತ್ತಾರೆ? ಎಷ್ಟು ದುಡ್ಡು ಕೊಡಬೇಕು? ಈ ಮೂರಕ್ಕೆ ಪತ್ರದಲ್ಲಿ ಉತ್ತರ ಸಿಗದಿದ್ದರೆ ಎರಡರಲ್ಲಿ ಒಂದು ಆಗುತ್ತದೆ. ಒಂದೋ ಓದದೇ ಸಹಿ ಹಾಕುತ್ತಾರೆ, ಇಲ್ಲ ಫೋನ್ ಮಾಡುತ್ತಾರೆ.

ಓದದೇ ಹಾಕಿದ ಸಹಿ ಯಾರಿಗೂ ಪ್ರಯೋಜನವಿಲ್ಲ. ಹಾಗಾಗಿ ಇಲ್ಲಿ ಪತ್ರವನ್ನು ಹಿಂದಿನಿಂದ ಕಟ್ಟೋಣ. ಮೊದಲು ಯೋಜನೆ, ಆಮೇಲೆ ಅಂಕಿ, ಕೊನೆಗೆ ವಾಕ್ಯಗಳು. ಉದಾಹರಣೆಗೆ ಒಂದೇ ತರಗತಿಯನ್ನು ಇಟ್ಟುಕೊಳ್ಳೋಣ: 36 ಮಕ್ಕಳು, ಒಂಬತ್ತು-ಹತ್ತರ ವಯಸ್ಸು. ಬಾಡಿಗೆ ಬಸ್ಸಿನಲ್ಲಿ ಹೋಗಿ, ಬೆಳಗ್ಗೆ ಒಂದೂವರೆ ಗಂಟೆ ಮಾರುಕಟ್ಟೆಯಲ್ಲಿದ್ದು, ಊಟದ ಹೊತ್ತಿಗೆ ಶಾಲೆಗೆ ವಾಪಸ್.

## ಹಂತ 1: ಬರೆಯುವ ಮೊದಲು ಒಮ್ಮೆ ಹೋಗಿ ನೋಡಿ

ಭೇಟಿ ಯಾವ ವಾರ, ಯಾವ ಹೊತ್ತಿಗೆ ಇದೆಯೋ ಅದೇ ವಾರದಂದು, ಅದೇ ಹೊತ್ತಿಗೆ ಹೋಗಿ. ಭಾನುವಾರ ಸಂಜೆ ನೋಡಿದ ಮಾರುಕಟ್ಟೆಗೂ ಗುರುವಾರ ಬೆಳಗ್ಗೆ ಒಂಬತ್ತೂವರೆಯ ಮಾರುಕಟ್ಟೆಗೂ ಸಂಬಂಧವೇ ಇರುವುದಿಲ್ಲ. ಬೆಳಗ್ಗೆ ಸರಕು ಇಳಿಸುವ ಗಾಡಿಗಳು ಹಿಂದಕ್ಕೆ ಬರುತ್ತಿರುತ್ತವೆ. ತಲೆ ಮೇಲೆ ಮೂಟೆ ಹೊತ್ತವರು ಪಕ್ಕಕ್ಕೆ ನೋಡದೆ ನಡೆಯುತ್ತಾರೆ. ಮೀನು, ತರಕಾರಿ ಮಾರುವ ಕಡೆ ನೆಲ ಒದ್ದೆ. ಚಿಕ್ಕ ಮಕ್ಕಳಿಗೆ ಮಾರುಕಟ್ಟೆಯಲ್ಲಿ ಹೆಚ್ಚಿನ ಅಪಾಯ ಈ ಎರಡೇ: ಹಿಂದಕ್ಕೆ ಬರುವ ಗಾಡಿ ಮತ್ತು ಜಾರುವ ನೆಲ. ಅಪಹರಣದ ಭಯ ಪೋಷಕರಿಗೆ ಮೊದಲು ಬರುತ್ತದೆ, ಅದಕ್ಕೂ ಉತ್ತರ ಬೇಕು. ಆದರೆ ನಿಮ್ಮ ಕಣ್ಣು ಮೊದಲು ಇವುಗಳ ಮೇಲಿರಲಿ.

ಈ ಸುತ್ತಿನಲ್ಲಿ ನಾಲ್ಕೈದು ವಿಷಯ ಬರೆದುಕೊಂಡರೆ ಸಾಕು. ಬಸ್ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಒಳಗೆ ಹೋಗಲು ರಸ್ತೆ ದಾಟಬೇಕಾ? ಶೌಚಾಲಯ ಎಲ್ಲಿದೆ, ಬಳಸುವ ಸ್ಥಿತಿಯಲ್ಲಿದೆಯಾ? ಎಷ್ಟು ದಾರಿಗಳಿಂದ ಹೊರಗೆ ಹೋಗಬಹುದು? ಹತ್ತಿರದ ಆಸ್ಪತ್ರೆ ಅಥವಾ ಕ್ಲಿನಿಕ್ ಎಷ್ಟು ದೂರ? ಮಕ್ಕಳ ಗುಂಪು ಬಂದರೆ ಬೇಸರ ಮಾಡಿಕೊಳ್ಳದೆ ಮಾತಾಡುವ ಎರಡು ಮೂರು ಅಂಗಡಿಯವರು ಯಾರು? ಕೊನೆಯದನ್ನು ಕೇಳಿಯೇ ತಿಳಿಯಬೇಕು. ವ್ಯಾಪಾರ ಜೋರಾಗಿರುವಾಗ ಆರು ಮಕ್ಕಳು ಬಂದು ಅಂಗಡಿ ಮುಂದೆ ನಿಂತರೆ ಅವರಿಗೆ ನಷ್ಟ. ಯಾವ ಹೊತ್ತು ಪರವಾಗಿಲ್ಲ ಅಂತ ಅವರನ್ನೇ ಕೇಳಿದರೆ ಭೇಟಿಯ ಸಮಯವೂ ಸರಿಯಾಗಿ ನಿಗದಿಯಾಗುತ್ತದೆ. ಮಾರುಕಟ್ಟೆಗೆ ಕಚೇರಿ ಇದ್ದರೆ ಅಲ್ಲೂ ಒಂದು ಮಾತು ಹೇಳಿ ಬನ್ನಿ.

ಎಲ್ಲರೂ ಸೇರುವ ಜಾಗವನ್ನೂ ಆಗಲೇ ಗೊತ್ತು ಮಾಡಿ. ಅದು ಕದಲದ ವಸ್ತುವಿನ ಹತ್ತಿರ ಇರಬೇಕು. ಕೆಂಪು ಛತ್ರಿಯ ಅಂಗಡಿ, ಹೂವಿನ ಗಾಡಿ ಬೇಡ, ಆ ದಿನ ಅವು ಅಲ್ಲಿ ಇಲ್ಲದೇ ಹೋಗಬಹುದು. ಮುಖ್ಯ ಬಾಗಿಲು, ನೀರಿನ ಟ್ಯಾಂಕ್, ಗಡಿಯಾರದ ಕಂಬ ಇಂಥದ್ದು ಇರಲಿ. ಇದೇ ಜಾಗದ ಹೆಸರು ಪತ್ರದಲ್ಲೂ ಬರುತ್ತದೆ, ಮಕ್ಕಳ ಕೈಯಲ್ಲಿರುವ ಕಾರ್ಡಿನಲ್ಲೂ ಬರುತ್ತದೆ.

## ಹಂತ 2: ಉಸ್ತುವಾರಿಯ ಲೆಕ್ಕ

"ಸಾಕಷ್ಟು ಶಿಕ್ಷಕರು ಜೊತೆಯಲ್ಲಿರುತ್ತಾರೆ" ಅನ್ನುವ ಸಾಲು ಬಹಳ ಪತ್ರಗಳಲ್ಲಿ ಇರುತ್ತದೆ. ಸಾಕಷ್ಟು ಅಂದರೆ ಎಷ್ಟು? ಅಂಕಿಯನ್ನೇ ಬರೆಯಿರಿ. ನಿಮ್ಮ ಶಾಲೆ ಅಥವಾ ಶಿಕ್ಷಣ ಇಲಾಖೆಯ ನಿಯಮದಲ್ಲಿ ಇಷ್ಟು ಮಕ್ಕಳಿಗೆ ಇಷ್ಟು ದೊಡ್ಡವರು ಅಂತ ಇದ್ದರೆ ಅದು ಕನಿಷ್ಠ. ಅಲ್ಲಿಂದ ಮೇಲಕ್ಕೆ ಲೆಕ್ಕ ಹಾಕಬೇಕು, ಯಾಕೆಂದರೆ ಮಾರುಕಟ್ಟೆ ವಸ್ತುಸಂಗ್ರಹಾಲಯದ ಹಾಗೆ ಒಂದು ಬಾಗಿಲಿನ ಜಾಗ ಅಲ್ಲ.

ನಮ್ಮ ಉದಾಹರಣೆಯಲ್ಲಿ 36 ಮಕ್ಕಳನ್ನು ಆರರಂತೆ ಆರು ಗುಂಪು ಮಾಡೋಣ. ಆರೇ ಯಾಕೆ? ಇಕ್ಕಟ್ಟಾದ ದಾರಿಯಲ್ಲಿ ಒಬ್ಬರು ತಿರುಗಿ ನೋಡಿದ ಕೂಡಲೇ ಲೆಕ್ಕ ಸಿಗುವಷ್ಟು ಮಕ್ಕಳು ಅವರು. ಹತ್ತಾದರೆ ಬೆರಳು ತೋರಿಸಿ ಎಣಿಸಬೇಕಾಗುತ್ತದೆ, ಅಷ್ಟರಲ್ಲಿ ಮುಂದಿದ್ದವರು ಮುಂದಕ್ಕೆ ಹೋಗಿರುತ್ತಾರೆ. ಜೊತೆಗೆ ಒಂದು ತಕ್ಕಡಿಯ ಸುತ್ತ ಆರು ಮಕ್ಕಳಷ್ಟೇ ನಿಂತು ನೋಡಬಹುದು.

ಪ್ರತಿ ಗುಂಪಿಗೆ ಒಬ್ಬರಂತೆ ಆರು ಜನ ದೊಡ್ಡವರು. ಇಲ್ಲಿಗೇ ನಿಲ್ಲಿಸುವುದು ಸಾಮಾನ್ಯವಾಗಿ ಆಗುವ ಎಡವಟ್ಟು. ಒಂದು ಮಗು ಬಿದ್ದು ಮೊಣಕಾಲು ಕೆತ್ತಿಕೊಂಡರೆ ಅವಳ ಜೊತೆ ಒಬ್ಬರು ಹೋಗಬೇಕು. ಆಗ ಉಳಿದ ಐವರನ್ನು ಯಾರು ನೋಡಿಕೊಳ್ಳುತ್ತಾರೆ? ಪಕ್ಕದ ಗುಂಪಿಗೆ ಸೇರಿಸಿದರೆ ಅದು ಹನ್ನೊಂದು ಮಕ್ಕಳ ಗುಂಪಾಗುತ್ತದೆ. ಅದಕ್ಕೇ ಗುಂಪಿಲ್ಲದ ಇಬ್ಬರು ಬೇಕು. ಒಬ್ಬರು ಭೇಟಿಯ ಮುಖ್ಯ ಹೊಣೆ ಹೊತ್ತ ಶಿಕ್ಷಕರು, ಇನ್ನೊಬ್ಬರು ಎಲ್ಲಿ ಬೇಕೋ ಅಲ್ಲಿಗೆ ಹೋಗುವವರು. ಮುಂದೆ "ಮುಖ್ಯ ಶಿಕ್ಷಕರು" ಅಂದರೆ ಈ ಮೊದಲನೆಯವರು, ಮುಖ್ಯೋಪಾಧ್ಯಾಯರಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎರಡನೆಯವರ ಕೈಯಲ್ಲಿ ಇರಲಿ. ಒಟ್ಟು ಎಂಟು ಜನ. ಬಸ್ಸಿನಲ್ಲಿ 36 ಅಲ್ಲ, 44 ಸೀಟು ಬೇಕು ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. 40 ಸೀಟಿನ ಬಸ್ಸಿಗೆ ಮುಂಗಡ ಕೊಟ್ಟ ಮೇಲೆ ಇದು ಹೊಳೆದರೆ ಕಷ್ಟ.

ಎಂಟು ಜನ ಶಿಕ್ಷಕರನ್ನು ಒಂದೇ ತರಗತಿಗೆ ಬಿಟ್ಟುಕೊಡುವ ಶಾಲೆ ಕಡಿಮೆ. ಹಾಗಾಗಿ ಪೋಷಕರನ್ನೇ ಕೇಳಬೇಕಾಗುತ್ತದೆ. ಕೇಳಿ, ಆದರೆ ಪತ್ರದಲ್ಲಿ ಅದನ್ನು ಮುಚ್ಚಿಡಬೇಡಿ: "ನಾಲ್ವರು ಶಿಕ್ಷಕರು, ನಾಲ್ವರು ಪೋಷಕರು" ಅಂತ ಸ್ಪಷ್ಟವಾಗಿ ಬರೆಯಿರಿ. ಬರುವ ಪೋಷಕರನ್ನು ಅವರ ಸ್ವಂತ ಮಗುವಿನ ಗುಂಪಿಗೆ ಹಾಕದಿರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸ್ವಂತ ಮಗು ಪಕ್ಕದಲ್ಲಿದ್ದರೆ ಕಣ್ಣು ಅದರ ಮೇಲೇ ಹೋಗುತ್ತದೆ, ಅದು ಸಹಜ. ಕೆಲವು ಶಾಲೆಗಳು ಇದಕ್ಕೆ ಉಲ್ಟಾ ಮಾಡುತ್ತವೆ, ಅವರಿಗೂ ಕಾರಣಗಳಿರುತ್ತವೆ. ಏನೇ ಮಾಡಿದರೂ ಮೊದಲೇ ಹೇಳಿ. ಚಿಕ್ಕ ತಮ್ಮ ತಂಗಿಯರನ್ನು ಕರೆತರುವಂತಿಲ್ಲ ಅನ್ನುವುದನ್ನೂ ಹೇಳಿ. ಹೊರಗಿನ ದೊಡ್ಡವರನ್ನು ಮಕ್ಕಳ ಜೊತೆ ಕಳಿಸುವ ಮೊದಲು ಶಾಲೆ ನಡೆಸುವ ಪರಿಶೀಲನೆ ಇದ್ದರೆ ಅದೂ ಮುಗಿದಿರಬೇಕು. ಶೌಚಾಲಯಕ್ಕೆ ಒಂದು ಮಗುವನ್ನು ಒಬ್ಬರೇ ದೊಡ್ಡವರು ಕರೆದುಕೊಂಡು ಹೋಗುವುದು ಬೇಡ, ಇಬ್ಬರು ಮಕ್ಕಳು ಒಟ್ಟಿಗೆ ಹೋಗಲಿ.

ಇನ್ನು ಎಣಿಕೆ. ಗದ್ದಲದಲ್ಲಿ 36 ತಲೆ ಎಣಿಸುವುದು ಆಗದ ಕೆಲಸ. ಎಣಿಸುತ್ತಿರುವಾಗಲೇ ಇಬ್ಬರು ಜಾಗ ಬದಲಿಸಿರುತ್ತಾರೆ. ಬದಲಿಗೆ ಪ್ರತಿ ಗುಂಪಿನವರು ತಮ್ಮ ಆರು ಮಕ್ಕಳನ್ನು ಎಣಿಸಿ ಮುಖ್ಯ ಶಿಕ್ಷಕರ ಕಡೆ ನೋಡಿ "ಆರು" ಅನ್ನಬೇಕು. ಅವರಿಗೆ ಆರು ಸಲ "ಆರು" ಕೇಳಿಸಿದರೆ ಬಸ್ ಹೊರಡಬಹುದು. ಎಣಿಕೆ ಯಾವಾಗಲೂ ಹೊರಡುವ ಮೊದಲು: ಶಾಲೆ ಬಿಡುವ ಮೊದಲು, ಬಸ್ ಇಳಿದು ನಡೆಯುವ ಮೊದಲು, ಪ್ರತಿ ಅಂಗಡಿಯಿಂದ ಕದಲುವ ಮೊದಲು, ವಾಪಸ್ ಬಸ್ ಹೊರಡುವ ಮೊದಲು. ಮುಂದಿನ ಜಾಗಕ್ಕೆ ಹೋದ ಮೇಲೆ ಎಣಿಸಿದರೆ ಮಗು ಎಲ್ಲಿ ಉಳಿಯಿತು ಅನ್ನುವುದೇ ಗೊತ್ತಾಗುವುದಿಲ್ಲ.

## ಹಂತ 3: ಸುರಕ್ಷತೆಯಲ್ಲಿ ಪತ್ರಕ್ಕೆ ಎಷ್ಟು, ಫೈಲಿಗೆ ಎಷ್ಟು

ಸುರಕ್ಷತೆಯ ಯೋಜನೆ ಪೂರ್ತಿ ಎರಡು ಮೂರು ಪುಟ ಆಗಬಹುದು. ಅಷ್ಟನ್ನೂ ಪತ್ರದಲ್ಲಿ ತುಂಬಿದರೆ ಪೋಷಕರು ಹೆದರುತ್ತಾರೆ, ಓದುವುದೂ ಇಲ್ಲ. ನಾನು ಬಳಸುವ ಅಳತೆ ಸರಳ. ಪೋಷಕರು ನಿರ್ಧಾರ ಮಾಡಲು ಅಥವಾ ಮಗುವನ್ನು ತಯಾರು ಮಾಡಲು ಬೇಕಾದದ್ದು ಪತ್ರಕ್ಕೆ. ದೊಡ್ಡವರು ಆ ದಿನ ಏನು ಮಾಡಬೇಕು ಅನ್ನುವುದು ಫೈಲಿಗೆ.

ಮಗು ತಪ್ಪಿಸಿಕೊಂಡರೆ ಏನು ಅನ್ನುವುದನ್ನೇ ನೋಡಿ. ಫೈಲಿನಲ್ಲಿ ಇದು ಹೀಗಿರುತ್ತದೆ. ಒಂದು ಮಗು ಕಡಿಮೆ ಅಂತ ಗೊತ್ತಾದ ಕೂಡಲೇ ಆ ಗುಂಪು ಇದ್ದಲ್ಲೇ ನಿಲ್ಲಬೇಕು. ಗುಂಪಿನವರು ತಾವೇ ಹುಡುಕಲು ಓಡಬಾರದು, ಮುಖ್ಯ ಶಿಕ್ಷಕರಿಗೆ ಫೋನ್ ಮಾಡಬೇಕು. ಗುಂಪಿಲ್ಲದ ಇಬ್ಬರಲ್ಲಿ ಒಬ್ಬರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಾರೆ, ಇನ್ನೊಬ್ಬರು ಸೇರುವ ಜಾಗಕ್ಕೆ ಹೋಗುತ್ತಾರೆ. ಉಳಿದ ಗುಂಪುಗಳೂ ಸೇರುವ ಜಾಗಕ್ಕೆ ಬರುತ್ತವೆ. ಹತ್ತು ನಿಮಿಷದಲ್ಲಿ ಸಿಗದಿದ್ದರೆ ಮಾರುಕಟ್ಟೆಯ ಕಚೇರಿ, ಪೊಲೀಸ್, ಶಾಲೆ, ಪೋಷಕರು ಎಲ್ಲರಿಗೂ ತಿಳಿಸಬೇಕು. ಆ ಹತ್ತು ನಿಮಿಷ ಅನ್ನುವ ಮಿತಿ ಮೊದಲೇ ಬರೆದಿರಬೇಕು. ಇಲ್ಲದಿದ್ದರೆ "ಇನ್ನೈದು ನಿಮಿಷ ನೋಡೋಣ" ಅಂತ ಅರ್ಧ ಗಂಟೆ ಹೋಗುತ್ತದೆ.

ಪತ್ರದಲ್ಲಿ ಇದೆಲ್ಲ ಬೇಡ. ಮಗುವಿಗೆ ಹೇಳಿಕೊಟ್ಟಿರುವುದನ್ನು ಮಾತ್ರ ಬರೆಯಿರಿ, ಮನೆಯಲ್ಲೂ ಅದನ್ನೇ ಹೇಳಲಿ ಅಂತ. ಗುಂಪು ಕಾಣಿಸದಿದ್ದರೆ ಹುಡುಕಿಕೊಂಡು ಹೋಗಬಾರದು, ನಿಂತಲ್ಲೇ ನಿಲ್ಲಬೇಕು. ಅಂಗಡಿಯ ಒಳಗೆ ಕೂತು ಮಾರುತ್ತಿರುವವರಿಗೆ ಕಾರ್ಡ್ ತೋರಿಸಬೇಕು. ದಾರಿಯಲ್ಲಿ ಹೋಗುವವರಿಗೆ ಯಾಕೆ ಬೇಡ? ಅಂಗಡಿಯವರು ಜಾಗ ಬಿಟ್ಟು ಹೋಗುವುದಿಲ್ಲ, ಅಕ್ಕಪಕ್ಕದವರಿಗೆ ಅವರ ಪರಿಚಯ ಇರುತ್ತದೆ. ಕಾರ್ಡಿನ ಮೇಲೆ ಶಾಲೆಯ ಹೆಸರು, ಮುಖ್ಯ ಶಿಕ್ಷಕರ ಫೋನ್ ನಂಬರ್, ಸೇರುವ ಜಾಗ ಇರಲಿ. ಮಗುವಿನ ಹೆಸರನ್ನು ಎದೆ ಮೇಲೆ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಹೆಸರು ಹಿಡಿದು ಕರೆದವರನ್ನು ಮಗು ಪರಿಚಯದವರು ಅಂತಲೇ ತಿಳಿಯುತ್ತದೆ.

ಅಲರ್ಜಿಗೆ ಒಂದು ನಿಯಮ ಬಹಳಷ್ಟು ಕೆಲಸ ಕಡಿಮೆ ಮಾಡುತ್ತದೆ: ಮಾರುಕಟ್ಟೆಯಲ್ಲಿ ಯಾರೂ ಏನೂ ತಿನ್ನುವುದಿಲ್ಲ. ಅಂಗಡಿಯವರು ಪ್ರೀತಿಯಿಂದ ರುಚಿ ನೋಡಲು ಕೊಡುತ್ತಾರೆ, ಮಕ್ಕಳು ಬೇಡ ಅನ್ನುವುದಿಲ್ಲ. ಕೈ ತೊಳೆದಿರುವುದಿಲ್ಲ, ಅದರಲ್ಲಿ ಕಡಲೆಯೋ ಹಾಲೋ ಇದೆಯಾ ಅಂತ ಯಾರಿಗೂ ಗೊತ್ತಿರುವುದಿಲ್ಲ. ಪತ್ರದಲ್ಲಿ ಈ ನಿಯಮ ಇದ್ದರೆ ಮನೆಯಲ್ಲೇ ಮಗುವಿಗೆ ಹೇಳಿ ಕಳಿಸುತ್ತಾರೆ. ಆದರೂ ಅಲರ್ಜಿ, ಉಬ್ಬಸ, ಮೂರ್ಛೆ ರೋಗ, ಮಧುಮೇಹ ಇರುವ ಮಕ್ಕಳ ಮಾಹಿತಿ ಹೊಸದಾಗಿ ಕೇಳಬೇಕು. ದಾಖಲಾತಿ ಫಾರ್ಮಿನಲ್ಲಿ ಇರುವುದು ಹಳೆಯದಾಗಿರಬಹುದು. ಇನ್ಹೇಲರ್, ಅಲರ್ಜಿ ಇಂಜೆಕ್ಷನ್ ಇಂಥದ್ದು ಆ ಮಗುವಿನ ಗುಂಪಿನ ಹೊಣೆ ಹೊತ್ತವರ ಕೈಯಲ್ಲೇ ಇರಬೇಕು. ಬಸ್ಸಿನ ಬ್ಯಾಗಿನಲ್ಲಿ ಇದ್ದರೆ ಇದ್ದೂ ಇಲ್ಲದ ಹಾಗೆ. ಇಂಥ ಮಗುವನ್ನು ಅದನ್ನು ಬಳಸಲು ಗೊತ್ತಿರುವ ಶಿಕ್ಷಕರ ಗುಂಪಿಗೇ ಹಾಕಿ.

ಎರಡು ಸಾಲುಗಳನ್ನು ಪತ್ರದಿಂದ ಕಿತ್ತುಹಾಕಿ. ಒಂದು, "ಯಾವುದೇ ಅಪಾಯವಿಲ್ಲ." ಅದು ನಿಜವಲ್ಲ. ಇನ್ನೊಂದು, "ಏನಾದರೂ ಅನಾಹುತವಾದರೆ ಶಾಲೆ ಹೊಣೆಯಲ್ಲ." ಇಂಥ ಒಂದು ಸಾಲಿಗೆ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಮಕ್ಕಳನ್ನು ಜಾಗ್ರತೆಯಿಂದ ನೋಡಿಕೊಳ್ಳುವ ಹೊಣೆ ಶಾಲೆಯ ಮೇಲಿಂದ ತಾನಾಗಿ ಇಳಿದುಬಿಡುವುದಿಲ್ಲ. ಓದಿದವರಿಗೆ ಮಾತ್ರ "ಹಾಗಾದರೆ ಇವರು ಏನೋ ಆಗುತ್ತದೆ ಅಂದುಕೊಂಡಿದ್ದಾರೆ" ಅನ್ನಿಸುತ್ತದೆ. ಅಪಾಯ ಏನು, ಅದಕ್ಕೆ ಏನು ಮಾಡಿದ್ದೇವೆ ಅಂತ ಎರಡು ವಾಕ್ಯ ಬರೆದರೆ ಹೆಚ್ಚು ನಂಬಿಕೆ ಬರುತ್ತದೆ.

## ಹಂತ 4: ಖರ್ಚು

ಖರ್ಚಿನಲ್ಲಿ ಎರಡು ಜಾತಿ. ಎಷ್ಟು ಮಕ್ಕಳು ಬಂದರೂ ಬದಲಾಗದ್ದು ಒಂದು, ಉದಾಹರಣೆಗೆ ಬಸ್ ಬಾಡಿಗೆ. ತಲೆಗೆ ಇಷ್ಟು ಅಂತ ಹೆಚ್ಚುವುದು ಇನ್ನೊಂದು, ಉದಾಹರಣೆಗೆ ಮಕ್ಕಳು ಏನಾದರೂ ಕೊಳ್ಳಲು ಇಟ್ಟ ಹಣ. ಇವೆರಡನ್ನೂ ಕೂಡಿಸಿ 36ರಿಂದ ಭಾಗಿಸಿ ಪತ್ರದಲ್ಲಿ ಹಾಕಿದರೆ ಕೊನೆಗೆ ಶಿಕ್ಷಕರ ಜೇಬಿಗೇ ಕತ್ತರಿ.

ಲೆಕ್ಕಕ್ಕೆ ಸುಲಭವಾದ ಅಂಕಿ ಇಟ್ಟುಕೊಳ್ಳೋಣ. ಬಸ್ ಬಾಡಿಗೆ 3,600, ತಲೆಗೆ ಕೊಳ್ಳುವ ಹಣ 20. 36 ಮಕ್ಕಳೂ ಬಂದರೆ ಬಸ್ಸಿಗೆ ತಲೆಗೆ 100, ಒಟ್ಟು 120. ಆದರೆ ಜ್ವರ, ಮದುವೆ, ಒಪ್ಪಿಗೆ ಇಲ್ಲದ್ದು ಅಂತ ಆರು ಮಕ್ಕಳು ಬರದಿದ್ದರೆ? ಬಸ್ಸಿನವರು ಬಾಡಿಗೆ ಕಡಿಮೆ ಮಾಡುವುದಿಲ್ಲ. 30 ಮಕ್ಕಳಿಗೆ ತಲೆಗೆ 120, ಒಟ್ಟು 140. ತಲೆಗೆ 120ರಂತೆ ಮಾತ್ರ ತೆಗೆದುಕೊಂಡಿದ್ದರೆ ಕೈಯಲ್ಲಿರುವುದು 3,600, ಬೇಕಾಗಿರುವುದು 4,200. ಇನ್ನು 600 ಯಾರು ಕೊಡುತ್ತಾರೆ?

ಆದ್ದರಿಂದ 30 ಮಕ್ಕಳ ಲೆಕ್ಕದಲ್ಲೇ 140 ಅಂತ ಬರೆಯಿರಿ. ಎಲ್ಲರೂ ಬಂದರೆ ಸೇರುವುದು 5,040, ಖರ್ಚು 4,320, ಉಳಿಯುವುದು 720. ಅಂದರೆ ತಲೆಗೆ 20 ವಾಪಸ್. "ಹೆಚ್ಚೆಂದರೆ 140. ಉಳಿದರೆ ವಾಪಸ್ ಕೊಡುತ್ತೇವೆ" ಅನ್ನುವ ಒಂದು ಸಾಲು ಪತ್ರದಲ್ಲಿ ಇದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಮೊದಲು ಕಡಿಮೆ ಹೇಳಿ ಆಮೇಲೆ ಇನ್ನೊಂದು ಚೀಟಿ ಕಳಿಸಿ ಜಾಸ್ತಿ ಕೇಳುವುದಕ್ಕಿಂತ ಇದು ಎಷ್ಟೋ ವಾಸಿ. ಜೊತೆಯಲ್ಲಿ ಬರುವ ಪೋಷಕರು ದುಡ್ಡು ಕೊಡಬೇಕಾ ಅನ್ನುವುದನ್ನೂ ಹೇಳಿಬಿಡಿ. ಬಸ್ಸನ್ನು ಪೂರ್ತಿ ಬಾಡಿಗೆಗೆ ತೆಗೆದುಕೊಂಡಿದ್ದರೆ ಅವರಿಂದ ಕೇಳಲು ಕಾರಣವೇ ಇಲ್ಲ.

ಕೊಡಲು ಆಗದವರ ವಿಷಯ ಸೂಕ್ಷ್ಮ. ಶಾಲೆಯ ಯಾವ ಹಣದಿಂದ ಅವರ ಪಾಲು ತುಂಬುತ್ತೀರಿ ಅಂತ ಮುಖ್ಯೋಪಾಧ್ಯಾಯರ ಜೊತೆ ಮೊದಲೇ ಮಾತಾಡಿ. ಬೇರೆ ಪೋಷಕರ ಹಣದಲ್ಲಿ ಉಳಿದದ್ದನ್ನು ಅವರಿಗೆ ಹೇಳದೆ ಇದಕ್ಕೆ ಬಳಸುವುದು ಸರಿಯಲ್ಲ. ಒಪ್ಪಿಗೆ ಚೀಟಿಯಲ್ಲಿ "ನಮಗೆ ಕೊಡಲು ಆಗುವುದಿಲ್ಲ" ಅನ್ನುವ ಚೌಕ ಇಡಬೇಡಿ. ಆ ಚೀಟಿಯನ್ನು ತರುವುದು ಮಗು, ಅಕ್ಕಪಕ್ಕದವರು ಇಣುಕಿ ನೋಡುತ್ತಾರೆ. ಪತ್ರದಲ್ಲಿ ಒಂದು ಫೋನ್ ನಂಬರ್ ಕೊಟ್ಟು ನೇರವಾಗಿ ಮಾತಾಡಿ ಅಂದರೆ ಸಾಕು.

ಮಕ್ಕಳು ಸ್ವಂತ ದುಡ್ಡು ತರಬಹುದಾ? ಬೇಡ ಅಂತ ನನ್ನ ಸಲಹೆ. ಒಬ್ಬ ಹತ್ತು ತರುತ್ತಾನೆ, ಇನ್ನೊಬ್ಬಳು ಐನೂರು ತರುತ್ತಾಳೆ. ಕಳೆದುಹೋಗುತ್ತದೆ, ಹುಡುಕಲು ಗುಂಪು ನಿಲ್ಲುತ್ತದೆ. ಬದಲಿಗೆ ಪ್ರತಿ ಗುಂಪಿಗೆ ಒಂದು ಕವರ್ ಕೊಡಿ. ಆರು ಮಕ್ಕಳ 20ರಂತೆ ಅದರಲ್ಲಿ 120 ಇರುತ್ತದೆ. ಅದು ಗುಂಪಿನ ದೊಡ್ಡವರ ಹತ್ತಿರ ಇರಲಿ, ಖರ್ಚು ಹೇಗೆ ಮಾಡಬೇಕು ಅಂತ ಮಕ್ಕಳು ತೀರ್ಮಾನಿಸಲಿ. ಮೂರು ಅಂಗಡಿಯಲ್ಲಿ ಬೆಲೆ ಕೇಳಿ, ತೂಕ ನೋಡಿ, ಚಿಲ್ಲರೆ ಎಣಿಸಿ ತರಲಿ. ಜಗಳವೂ ಆಗುತ್ತದೆ, ಆಗಲಿ. ಪಾಠ ಅಲ್ಲೇ ಇರುವುದು ಅಲ್ವಾ?

## ಹಂತ 5: ಈಗ ಪತ್ರ

ಇಷ್ಟು ಕೈಯಲ್ಲಿದ್ದರೆ ಪತ್ರ ಒಂದು ಪುಟದಲ್ಲಿ ಮುಗಿಯುತ್ತದೆ. ಮೊದಲ ಸಾಲಿನಲ್ಲೇ ಎಲ್ಲಿಗೆ, ಯಾವಾಗ, ಎಷ್ಟು ಹೊತ್ತಿಗೆ ವಾಪಸ್ ಅನ್ನುವುದು ಬರಲಿ. ಉದ್ದೇಶಕ್ಕೆ ಎರಡು ವಾಕ್ಯ ಸಾಕು. ಖಾಲಿ ಬಿಟ್ಟ ಜಾಗಗಳನ್ನು ನೀವು ತುಂಬಿಕೊಳ್ಳಿ.

> ವಿಷಯ: ಮಾರುಕಟ್ಟೆ ಭೇಟಿಗೆ ನಿಮ್ಮ ಅನುಮತಿ ಕೋರಿ
>
> ಮಾನ್ಯ ಪೋಷಕರೇ,
>
> ………ನೇ ತರಗತಿಯ ಮಕ್ಕಳನ್ನು (ದಿನಾಂಕ) ……… ಗುರುವಾರ ……… ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಬೆಳಗ್ಗೆ 9.15ಕ್ಕೆ ಶಾಲೆಯಿಂದ ಹೊರಟು ಮಧ್ಯಾಹ್ನ 12ಕ್ಕೆ ಶಾಲೆಗೇ ವಾಪಸ್ ಬರುತ್ತೇವೆ. ಶಾಲೆ ಬಿಡುವ ಸಮಯ ಎಂದಿನಂತೆಯೇ ಇರುತ್ತದೆ.
>
> ತೂಕ ಮತ್ತು ಹಣದ ಲೆಕ್ಕವನ್ನು ಮಕ್ಕಳು ಪುಸ್ತಕದಲ್ಲಿ ಕಲಿತಿದ್ದಾರೆ. ಅದನ್ನು ಅಂಗಡಿಯಲ್ಲಿ ನೋಡಿ, ಕೇಳಿ, ತಾವೇ ಮಾಡುವುದಕ್ಕೆ ಈ ಭೇಟಿ.
>
> ಜೊತೆಯಲ್ಲಿ ಯಾರಿರುತ್ತಾರೆ: 36 ಮಕ್ಕಳಿಗೆ ಎಂಟು ಜನ ದೊಡ್ಡವರು, ನಾಲ್ವರು ಶಿಕ್ಷಕರು ಮತ್ತು ನಾಲ್ವರು ಪೋಷಕರು. ಮಕ್ಕಳು ಆರು ಜನರ ಗುಂಪಿನಲ್ಲಿ ಒಬ್ಬ ದೊಡ್ಡವರ ಜೊತೆ ಇರುತ್ತಾರೆ. ಯಾವ ಮಗುವನ್ನೂ ಒಂಟಿಯಾಗಿ ಓಡಾಡಲು ಬಿಡುವುದಿಲ್ಲ. ಭೇಟಿಯ ಹೊಣೆ ……… ಶಿಕ್ಷಕರದ್ದು. ಆ ದಿನ ಅವರ ಫೋನ್: ………
>
> ಸುರಕ್ಷತೆ: ಮಾರುಕಟ್ಟೆಯಲ್ಲಿ ಜನಸಂದಣಿ, ಸರಕಿನ ಗಾಡಿಗಳು, ಕೆಲವು ಕಡೆ ಒದ್ದೆ ನೆಲ ಇರುತ್ತದೆ. ಒಂದು ಗುರುವಾರ, ಇದೇ ಹೊತ್ತಿಗೆ ನಾವು ಹೋಗಿ ನೋಡಿ ಬಂದಿದ್ದೇವೆ. ಗಾಡಿಗಳು ಓಡಾಡುವ ಹಿಂಭಾಗಕ್ಕೆ ಮಕ್ಕಳನ್ನು ಕರೆದೊಯ್ಯುವುದಿಲ್ಲ. ಪ್ರತಿ ಜಾಗದಿಂದ ಹೊರಡುವ ಮೊದಲು ಮಕ್ಕಳನ್ನು ಎಣಿಸುತ್ತೇವೆ. ಮಗು ಗುಂಪಿನಿಂದ ತಪ್ಪಿದರೆ ನಿಂತಲ್ಲೇ ನಿಂತು, ಅಂಗಡಿಯವರಿಗೆ ಶಾಲೆಯ ಕಾರ್ಡ್ ತೋರಿಸಬೇಕು ಎಂದು ಹೇಳಿಕೊಟ್ಟಿದ್ದೇವೆ. ದಯವಿಟ್ಟು ಮನೆಯಲ್ಲೂ ಒಮ್ಮೆ ಹೇಳಿ. ಅಲ್ಲಿ ಮಕ್ಕಳು ಏನನ್ನೂ ತಿನ್ನುವುದಿಲ್ಲ.
>
> ಖರ್ಚು: ಒಂದು ಮಗುವಿಗೆ ಹೆಚ್ಚೆಂದರೆ ……… ಇದರಲ್ಲಿ ಬಸ್ ಮತ್ತು ಗುಂಪಿನ ಖರೀದಿ ಎರಡೂ ಸೇರಿವೆ. ಹಣ ಉಳಿದರೆ ಒಂದು ವಾರದೊಳಗೆ ಲೆಕ್ಕದ ಜೊತೆ ವಾಪಸ್ ಕೊಡುತ್ತೇವೆ. ಶಾಲೆಯೇ ಭೇಟಿ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್. ಮಕ್ಕಳ ಕೈಗೆ ಬೇರೆ ಹಣ ಕೊಡಬೇಡಿ. ಹಣದ ವಿಷಯದಲ್ಲಿ ತೊಂದರೆ ಇದ್ದರೆ ……… ನಂಬರಿಗೆ ಫೋನ್ ಮಾಡಿ, ನಾವಿಬ್ಬರೇ ಮಾತಾಡೋಣ. ಹಣದ ಕಾರಣಕ್ಕೆ ಯಾವ ಮಗುವೂ ಉಳಿಯುವುದಿಲ್ಲ.
>
> ಮಗು ತರಬೇಕಾದ್ದು: ನೀರಿನ ಬಾಟಲಿ, ಪೆನ್ಸಿಲ್, ಜಾರದ ಮುಚ್ಚಿದ ಶೂ, ಶಾಲೆಯ ಸಮವಸ್ತ್ರ.
>
> ಬರದ ಮಕ್ಕಳು ಆ ಹೊತ್ತಿನಲ್ಲಿ ……… ಶಿಕ್ಷಕರ ತರಗತಿಯಲ್ಲಿ ಇರುತ್ತಾರೆ. ಜೊತೆಯ ಚೀಟಿಯನ್ನು ಹೌದಾದರೂ ಇಲ್ಲವಾದರೂ ……… ದಿನಾಂಕದೊಳಗೆ ಕಳಿಸಿಕೊಡಿ. ಈ ಪತ್ರ ನಿಮ್ಮ ಹತ್ತಿರವೇ ಇರಲಿ.
>
> ಇಂತಿ ನಿಮ್ಮ ವಿಶ್ವಾಸಿ,
> (ತರಗತಿ ಶಿಕ್ಷಕರು) (ಮುಖ್ಯೋಪಾಧ್ಯಾಯರು)

"ಪ್ರತಿ ಕ್ಷಣವೂ ಕಣ್ಣಳತೆಯಲ್ಲಿ" ಅಂತ ಇಲ್ಲಿ ಬರೆದಿಲ್ಲ, ಗಮನಿಸಿ. ಅದು ಕೇಳಲು ಚೆನ್ನ, ಪಾಲಿಸಲು ಆಗದು. ಪತ್ರದಲ್ಲಿ ಬರೆದ ಪ್ರತಿ ಮಾತೂ ಆ ದಿನ ಎಂಟು ಜನ ದೊಡ್ಡವರಿಗೂ ಗೊತ್ತಿರಬೇಕು. ಹಾಗಾಗಿ ಅವರಿಗೂ ಒಂದೊಂದು ಪ್ರತಿ ಕೊಡಿ.

"ಹಣದ ಕಾರಣಕ್ಕೆ ಯಾವ ಮಗುವೂ ಉಳಿಯುವುದಿಲ್ಲ" ಅನ್ನುವುದನ್ನು ಮುಖ್ಯೋಪಾಧ್ಯಾಯರು ಒಪ್ಪಿದ್ದರೆ ಮಾತ್ರ ಹಾಕಿ.

## ಹಂತ 6: ಒಪ್ಪಿಗೆ ಚೀಟಿ

ಚೀಟಿ ಬೇರೆ ಹಾಳೆಯಲ್ಲೇ ಇರಲಿ. ಪತ್ರದ ಕೆಳಗೆ ಚುಕ್ಕೆ ಗೆರೆ ಹಾಕಿ "ಇಲ್ಲಿ ಕತ್ತರಿಸಿ" ಅಂದರೆ, ಅದರ ಹಿಂದೆ ಅಚ್ಚಾಗಿದ್ದ ಸಮಯ, ಫೋನ್ ನಂಬರ್ ಎಲ್ಲ ಚೀಟಿಯ ಜೊತೆ ಶಾಲೆಗೇ ಬಂದುಬಿಡುತ್ತದೆ. ಆ ದಿನ ಬೆಳಗ್ಗೆ ಮನೆಯಲ್ಲಿ ನೋಡಲು ಏನೂ ಉಳಿದಿರುವುದಿಲ್ಲ.

> ಮಗುವಿನ ಹೆಸರು: ……… ತರಗತಿ: ………
>
> ☐ ……… ದಿನಾಂಕದ ಮಾರುಕಟ್ಟೆ ಭೇಟಿಗೆ ನನ್ನ ಮಗು ಬರಲು ಒಪ್ಪಿಗೆ ಇದೆ.
> ☐ ಒಪ್ಪಿಗೆ ಇಲ್ಲ. ಮಗು ಶಾಲೆಯಲ್ಲಿ ಇರಲಿ.
>
> ಆ ದಿನ 9ರಿಂದ 12ರವರೆಗೆ ಖಂಡಿತ ಸಿಗುವ ಎರಡು ಫೋನ್ ನಂಬರ್ (ಹೆಸರು, ಮಗುವಿಗೆ ಏನಾಗಬೇಕು):
> 1. ………
> 2. ………
>
> ಅಲರ್ಜಿ, ಕಾಯಿಲೆ, ತೆಗೆದುಕೊಳ್ಳುವ ಔಷಧಿ (ಇಲ್ಲದಿದ್ದರೆ "ಇಲ್ಲ" ಎಂದು ಬರೆಯಿರಿ): ………
>
> ತುರ್ತು ಸಮಯದಲ್ಲಿ ನಾವು ಫೋನಿಗೆ ಸಿಗದಿದ್ದರೆ ಮಗುವಿಗೆ ವೈದ್ಯರಿಂದ ಚಿಕಿತ್ಸೆ ಕೊಡಿಸಲು: ☐ ಒಪ್ಪಿಗೆ ಇದೆ ☐ ಇಲ್ಲ
>
> ಭೇಟಿಯ ಫೋಟೋದಲ್ಲಿ ಮಗು ಇರಲು: ☐ ತರಗತಿಯ ಗೋಡೆಗೆ ಮಾತ್ರ ಸರಿ ☐ ಶಾಲೆಯ ಆನ್‌ಲೈನ್ ಪುಟಕ್ಕೂ ಸರಿ ☐ ಬೇಡ
>
> ಪೋಷಕರ ಸಹಿ, ಹೆಸರು, ದಿನಾಂಕ: ………

"ಇಲ್ಲ" ಅನ್ನಲೂ ಒಂದು ಚೌಕ ಇರುವುದಕ್ಕೆ ಕಾರಣವಿದೆ. ಅದು ಇಲ್ಲದಿದ್ದರೆ ವಾಪಸ್ ಬಾರದ ಚೀಟಿ ಬ್ಯಾಗಿನ ತಳದಲ್ಲಿ ಮುದುಡಿ ಬಿದ್ದಿದೆಯೋ, ಮನೆಯವರು ಬೇಡ ಅಂದಿದ್ದಾರೋ ತಿಳಿಯುವುದಿಲ್ಲ. ಔಷಧಿಯ ಜಾಗದಲ್ಲಿ "ಇಲ್ಲ" ಬರೆಯಿಸುವುದೂ ಅದಕ್ಕೇ. ಖಾಲಿ ಬಿಟ್ಟಿದ್ದರೆ ಏನೂ ಇಲ್ಲ ಅಂತಲೋ, ಓದಿಲ್ಲ ಅಂತಲೋ? ಫೋಟೋ ಒಪ್ಪಿಗೆಯನ್ನು ಭೇಟಿಯ ಒಪ್ಪಿಗೆಯ ಜೊತೆ ಕಟ್ಟಬೇಡಿ. ಮಗು ಬರಲಿ, ಫೋಟೋ ಬೇಡ ಅನ್ನುವವರು ಇದ್ದೇ ಇರುತ್ತಾರೆ.

## ಹಂತ 7: ಕಳಿಸಿದ ಮೇಲೆ

ಭೇಟಿಗೆ ಎರಡು ವಾರ ಮೊದಲು ಪತ್ರ ಹೋಗಲಿ. ಚೀಟಿ ವಾಪಸ್ ಬರಲು ಐದು ದಿನ ಮೊದಲಿನ ಗಡುವು ಇಡಿ. ಗಡುವು ಮುಗಿದ ದಿನವೇ ಬಾರದವರಿಗೆ ಫೋನ್ ಮಾಡಿ. ಪತ್ರ ಓದಲು ಕಷ್ಟವಾಗುವ ಮನೆಗಳು ಯಾವುವು ಅಂತ ತರಗತಿ ಶಿಕ್ಷಕರಿಗೆ ಗೊತ್ತಿರುತ್ತದೆ. ಅವರಿಗೆ ಚೀಟಿ ಕೇಳುವುದಕ್ಕೆ ಮೊದಲು ಪತ್ರವನ್ನೇ ಫೋನಿನಲ್ಲಿ ಓದಿ ಹೇಳಿ, ಅಥವಾ ವಾಯ್ಸ್ ಮೆಸೇಜ್ ಮಾಡಿ ಕಳಿಸಿ.

ಚೀಟಿಗಳು ಬಂದ ಹಾಗೆ ಓದಿ. ಕಟ್ಟು ಕಟ್ಟಿ ಇಟ್ಟು ಹಿಂದಿನ ರಾತ್ರಿ ನೋಡಿದರೆ ಒಂದು ಮಗುವಿಗೆ ಕಡಲೆ ಅಲರ್ಜಿ ಇದೆ ಅನ್ನುವುದು ಆಗ ಗೊತ್ತಾಗುತ್ತದೆ. ಗುಂಪುಗಳನ್ನು ಬದಲಿಸಲು ಸಮಯ ಇರುವುದಿಲ್ಲ.

ಪೋಷಕರು ಒಪ್ಪಿದ್ದು ಪತ್ರದಲ್ಲಿ ಬರೆದ ಭೇಟಿಗೆ. ದಿನಾಂಕ ಮುಂದಕ್ಕೆ ಹೋದರೆ, ಬಸ್ ಬದಲು ನಡೆದು ಹೋಗುವುದಾದರೆ, ಬೇರೆ ಮಾರುಕಟ್ಟೆ ಆದರೆ ಹೊಸ ಚೀಟಿ ಬೇಕು. ಹತ್ತು ನಿಮಿಷ ತಡವಾದರೆ ಒಂದು ಮೆಸೇಜ್ ಸಾಕು. ಎಂಟು ಜನರಲ್ಲಿ ಒಬ್ಬರು ಬೆಳಗ್ಗೆ ಕೈಕೊಟ್ಟರೆ ಏನು? ಗುಂಪಿಲ್ಲದ ಎರಡನೆಯವರು ಆ ಗುಂಪನ್ನು ತೆಗೆದುಕೊಳ್ಳಬಹುದು, ಆದರೆ ಆಗ ಮುಖ್ಯ ಶಿಕ್ಷಕರೊಬ್ಬರೇ ಉಳಿಯುತ್ತಾರೆ, ಪತ್ರದ ಮಾತೂ ತಪ್ಪುತ್ತದೆ. ಶಾಲೆಯಿಂದ ಇನ್ನೊಬ್ಬರು ಸಿಗುವವರೆಗೆ ಹೊರಡಬೇಡಿ. ಇಬ್ಬರು ಕೈಕೊಟ್ಟು ಬದಲಿ ಸಿಗದಿದ್ದರೆ ಭೇಟಿಯನ್ನೇ ಮುಂದೂಡಿ. ಬಸ್ಸಿನ ಮುಂಗಡ ಹೋದರೂ ಸರಿ.

ಆ ದಿನ ಬೆಳಗ್ಗೆ ಚೀಟಿ ಇಲ್ಲದೆ ಬಂದ ಮಗುವನ್ನು ಬಸ್ಸಿಗೆ ಹತ್ತಿಸಬೇಡಿ. ಪೋಷಕರು ಶಾಲೆಗೆ ಬಂದು ಸಹಿ ಹಾಕಿದರೆ ಸರಿ. ಫೋನಿನಲ್ಲಿ ಒಪ್ಪಿಗೆ ತೆಗೆದುಕೊಳ್ಳಬಹುದಾ ಅನ್ನುವುದನ್ನು ಶಾಲೆ ಮೊದಲೇ ತೀರ್ಮಾನಿಸಿರಬೇಕು, ಗೇಟಿನ ಹತ್ತಿರ ಅಳುತ್ತಿರುವ ಮಗುವಿನ ಮುಂದೆ ಅಲ್ಲ. ಒಪ್ಪುವುದಾದರೆ ಶಾಲೆಯ ದಾಖಲೆಯಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ. ಯಾರು, ಎಷ್ಟು ಗಂಟೆಗೆ ಒಪ್ಪಿದರು ಅಂತ ಬರೆದು, ಇನ್ನೊಬ್ಬ ಶಿಕ್ಷಕರ ಸಹಿಯನ್ನೂ ಹಾಕಿಸಿ.

ಹೊರಡುವಾಗ ಚೀಟಿಗಳ ಮೂಲ ಪ್ರತಿ ಶಾಲೆಯ ಕಚೇರಿಯಲ್ಲಿ ಇರಲಿ. ಮುಖ್ಯ ಶಿಕ್ಷಕರ ಹತ್ತಿರ ಎಲ್ಲರ ಪಟ್ಟಿ: ಹೆಸರು, ಗುಂಪು, ಎರಡು ಫೋನ್, ಔಷಧಿ. ಗುಂಪಿನವರ ಹತ್ತಿರ ತಮ್ಮ ಆರು ಮಕ್ಕಳದ್ದು ಮಾತ್ರ. ಮಗುವಿನ ಕಾಯಿಲೆಯ ವಿಷಯ ಬೇರೆ ಪೋಷಕರಿಗೆ ಸುಮ್ನೆ ಗೊತ್ತಾಗಬೇಕಾಗಿಲ್ಲ. ವಾಪಸ್ ಬಂದ ಕೂಡಲೇ ಈ ಪಟ್ಟಿಗಳನ್ನು ಅವರ ಕೈಯಿಂದ ತೆಗೆದುಕೊಂಡು ಹರಿದುಹಾಕಿ. ಚೀಟಿಗಳನ್ನು ಶಾಲೆಯ ನಿಯಮ ಹೇಳುವಷ್ಟು ದಿನ ಇಡಿ, ಅವತ್ತು ಯಾರಿಗಾದರೂ ಪೆಟ್ಟಾಗಿದ್ದರೆ ಅದರ ವರದಿಯ ಜೊತೆ ಸೇರಿಸಿ ಇಡಿ.

ಲೆಕ್ಕ ಕಳಿಸಲು ಉದ್ದ ಪತ್ರ ಬೇಡ, ನಾಲ್ಕು ಸಾಲು ಸಾಕು. 34 ಮಕ್ಕಳು ಬಂದು ತಲೆಗೆ 140 ಕೊಟ್ಟಿದ್ದರು ಅಂತಿಟ್ಟುಕೊಳ್ಳಿ. ಸೇರಿದ್ದು 4,760. ಬಸ್ಸಿಗೆ 3,600, ಖರೀದಿಗೆ 680. ಉಳಿದದ್ದು 480, ತಲೆಗೆ 14ರಂತೆ ವಾಪಸ್ 476. ಉಳಿದ 4 ಶಾಲೆಯ ಖಾತೆಗೆ ಅಂತ ಅದನ್ನೂ ಬರೆದುಬಿಡಿ.